ಮೂರನೆಯ ಪ್ರಶ್ನೆಯಲ್ಲಿ ಹೇಳಿದ್ದು ಎಲ್ಲಿ ಹೋಯಿತು?

ಒಂದು ಕುಟುಂಬ ಗೃಹಪ್ರವೇಶದ ಊಟದ ಏರ್ಪಾಟಿಗೆ ಚಾಟ್‌ಬಾಟ್ ನೆರವು ಪಡೆಯುತ್ತಿದೆ ಎಂದಿಟ್ಟುಕೊಳ್ಳಿ. ಅತ್ತೆಗೆ ಶೇಂಗಾ ಆಗುವುದಿಲ್ಲ, ಯಾವ ಪದಾರ್ಥಕ್ಕೂ ಹಾಕಬಾರದು ಎಂದು ಮನೆಯಾಕೆ ಮೂರನೆಯ ಪ್ರಶ್ನೆಯಲ್ಲೇ ಬರೆದಿದ್ದಾರೆ. ಆಮೇಲೆ ಮಾತು ಶಾಮಿಯಾನ, ಬಾಳೆಎಲೆ, ಪಾತ್ರೆ ಬಾಡಿಗೆ ಎಂದು ಸುತ್ತಿ, ಇಪ್ಪತ್ತೈದನೆಯ ಪ್ರಶ್ನೆಯ ಹೊತ್ತಿಗೆ ಬೆಳಗಿನ ತಿಂಡಿಗೆ ಬಂದು ನಿಲ್ಲುತ್ತದೆ. ಇಡ್ಲಿಗೆ ಶೇಂಗಾ ಚಟ್ನಿ ಚೆನ್ನಾಗಿರುತ್ತದೆ ಎಂಬ ಸಲಹೆ ಪರದೆಯ ಮೇಲೆ ಮೂಡುತ್ತದೆ. ಮೇಲೆ ಸರಿಸಿ ನೋಡಿದರೆ ಮೂರನೆಯ ಪ್ರಶ್ನೆ ಇದ್ದಲ್ಲೇ ಇದೆ. ಓದುವವರ ಕಣ್ಣಿಗೆ ಕಾಣುವ ಆ ಸಾಲು ಯಂತ್ರಕ್ಕೆ ತಲುಪಿಯೇ ಇಲ್ಲ.

ಇದು ಹೇಗೆ ಸಾಧ್ಯ ಎಂದು ತಿಳಿಯಲು ಒಂದು ವಿಷಯ ಗೊತ್ತಿರಬೇಕು. ಚಾಟ್‌ಬಾಟ್‌ನ ಹಿಂದಿರುವ ಭಾಷಾ ಮಾದರಿಗೆ ಒಂದು ಪ್ರಶ್ನೆಯಿಂದ ಇನ್ನೊಂದಕ್ಕೆ ಏನೂ ನೆನಪಿರುವುದಿಲ್ಲ. ದಿನಕ್ಕೊಬ್ಬ ಹೊಸ ಗುಮಾಸ್ತ ಬರುವ ಕಚೇರಿಯಲ್ಲಿ ಕಡತವನ್ನು ಪ್ರತಿ ಸಲ ಮೊದಲ ಪುಟದಿಂದ ಓದಿಸಬೇಕಾಗುತ್ತದಲ್ಲ, ಇಲ್ಲೂ ಹಾಗೆಯೇ. ಬಳಕೆದಾರರು ಹೊಸ ಪ್ರಶ್ನೆ ಕಳಿಸಿದಾಗಲೆಲ್ಲ ಆವರೆಗಿನ ಇಡೀ ಸಂಭಾಷಣೆ ಅದರೊಂದಿಗೆ ಮತ್ತೆ ಹೋಗುತ್ತದೆ. ಒಮ್ಮೆಗೆ ಎಷ್ಟು ಹೋಗಬಹುದು ಎಂಬ ಮಿತಿಗೆ ಕಾಂಟೆಕ್ಸ್ಟ್ ವಿಂಡೋ ಎಂದು ಹೆಸರು. ಅದರ ಅಳತೆ ಟೋಕನ್‌ಗಳಲ್ಲಿ, ಅಂದರೆ ಪದ ಅಥವಾ ಪದದ ತುಣುಕುಗಳಲ್ಲಿ.

ಕನ್ನಡದಲ್ಲಿ ಮಾತಾಡುವವರಿಗೆ ಈ ಜಾಗ ಬೇಗ ತುಂಬುತ್ತದೆ. ಪಠ್ಯವನ್ನು ಟೋಕನ್‌ಗಳಾಗಿ ಒಡೆಯುವ ವ್ಯವಸ್ಥೆಗಳು ಬಹುಪಾಲು ಇಂಗ್ಲಿಷ್ ಪಠ್ಯದ ಮೇಲೆ ಪಳಗಿರುವುದರಿಂದ ನಮ್ಮ ಪದಗಳು ಹೆಚ್ಚು ಚೂರುಗಳಾಗುತ್ತವೆ. 2024ರ ಮೇ ತಿಂಗಳಲ್ಲಿ ಓಪನ್‌ಎಐ ಹೊಸ ವ್ಯವಸ್ಥೆ ತಂದಾಗ, ತೆಲುಗಿನ ಒಂದು ಮಾದರಿ ಪಠ್ಯಕ್ಕೆ ಬೇಕಾದ ಟೋಕನ್‌ಗಳು 159ರಿಂದ 45ಕ್ಕೆ ಇಳಿದವು ಎಂದು ತೋರಿಸಿತ್ತು. ಅಲ್ಲಿಯವರೆಗೆ ನೆರೆಯ ಭಾಷೆ ತೆರುತ್ತಿದ್ದ ದಂಡ ಎಷ್ಟಿತ್ತು ಎಂಬುದು ಇದರಿಂದ ಗೊತ್ತಾಗುತ್ತದೆ.

ಜಾಗ ತುಂಬಿದಾಗ ಏನು ಮಾಡಬೇಕು? ಸುಲಭದ ದಾರಿ ಎಂದರೆ ಹಳೆಯ ಮಾತುಗಳನ್ನು ಮೇಲಿನಿಂದ ಕತ್ತರಿಸುತ್ತ ಹೋಗುವುದು. ಗೃಹಪ್ರವೇಶದ ಮಾತುಕತೆಯಲ್ಲಿ ಹಾಗೆ ಮಾಡಿದರೆ ಮೊದಮೊದಲು ಬೀಳುವವುಗಳಲ್ಲೇ ಮೂರನೆಯ ಪ್ರಶ್ನೆಯೂ ಇರುತ್ತದೆ. ಅದಕ್ಕೇ ಚಾಟ್‌ಬಾಟ್ ಕಟ್ಟುವವರು ಎರಡನೆಯ ದಾರಿ ಹಿಡಿದರು. ಹಳೆಯ ಮಾತುಗಳನ್ನು ಮಾದರಿಯಿಂದಲೇ ಸಾರಾಂಶ ಮಾಡಿಸಿ, ಮೂಲದ ಜಾಗದಲ್ಲಿ ಆ ಸಾರಾಂಶವನ್ನು ಇಡುವುದು. ಇತ್ತೀಚಿನ ನಾಲ್ಕಾರು ಸುತ್ತುಗಳನ್ನು ಮಾತ್ರ ಅಕ್ಷರಶಃ ಉಳಿಸಿಕೊಳ್ಳುವುದು.

ಲೆಕ್ಕ ಹಾಕಿ ನೋಡೋಣ. ಒಟ್ಟು ಮಿತಿ 8,000 ಟೋಕನ್ ಇರಲಿ. ಚಾಟ್‌ಬಾಟ್ ಹೇಗೆ ನಡೆದುಕೊಳ್ಳಬೇಕು ಎಂಬ ಮೂಲ ಸೂಚನೆಗೆ 500, ಬರಲಿರುವ ಉತ್ತರಕ್ಕೆ 1,000 ತೆಗೆದಿಟ್ಟರೆ ಸಂಭಾಷಣೆಗೆ ಉಳಿಯುವುದು 6,500. ಒಂದು ಪ್ರಶ್ನೆ, ಒಂದು ಉತ್ತರ ಸೇರಿ ಸುಮಾರು 400 ಟೋಕನ್ ಎಂದರೆ ಹದಿನಾರು ಸುತ್ತಿಗೆ ಭರ್ತಿ. ಆದರೆ ಅಲ್ಲಿಯವರೆಗೆ ಕಾಯುವಂತಿಲ್ಲ. ಸಾರಾಂಶ ಮಾಡಲು ಹಳೆಯ ಮಾತುಗಳನ್ನೇ ಮಾದರಿಗೆ ಓದಿಸಬೇಕು, ಅದು ಬರೆಯಲೂ ಜಾಗ ಬೇಕು. ಹಾಗಾಗಿ ಶೇಕಡಾ 80ರಷ್ಟು ತುಂಬಿದಾಗ, ಅಂದರೆ ಹದಿಮೂರನೆಯ ಸುತ್ತು ಮುಗಿದ ಕೂಡಲೇ, ಕೆಲಸ ಶುರು. ಮೊದಲ ಒಂಬತ್ತು ಸುತ್ತುಗಳ 3,600 ಟೋಕನ್ 400 ಟೋಕನ್‌ನ ಸಾರಾಂಶವಾಗುತ್ತದೆ. ಕೊನೆಯ ನಾಲ್ಕು ಸುತ್ತುಗಳ 1,600 ಹಾಗೇ ಉಳಿಯುತ್ತವೆ. 5,200 ಇದ್ದದ್ದು 2,000ಕ್ಕೆ ಇಳಿದು, ಮಾತು ಮುಂದುವರಿಯುತ್ತದೆ.

ಲೆಕ್ಕ ಇಷ್ಟು ಸಲೀಸು. ತೊಡಕಿರುವುದು ಆ 400 ಟೋಕನ್‌ಗಳ ಒಳಗೆ.

ಸುಮ್ಮನೆ ‘ಈ ಸಂಭಾಷಣೆಯ ಸಾರಾಂಶ ಬರೆ’ ಎಂದು ಕೇಳಿದರೆ ಬರುವುದು ಹೆಚ್ಚುಕಡಿಮೆ ಹೀಗಿರುತ್ತದೆ: ಗೃಹಪ್ರವೇಶದ ಊಟದ ಬಗ್ಗೆ ಚರ್ಚೆಯಾಯಿತು, ಅತಿಥಿಗಳ ಆಹಾರದ ನಿರ್ಬಂಧಗಳನ್ನು ಗಮನಿಸಲಾಯಿತು, ಬಜೆಟ್ ಅಂದಾಜಿಸಲಾಯಿತು. ಸಭೆಯ ನಡಾವಳಿಯಂತೆ ಓದಲು ಚೆನ್ನಾಗಿದೆ, ಒಂದೂ ತಪ್ಪಿಲ್ಲ. ಆದರೆ ಶೇಂಗಾ ‘ಆಹಾರದ ನಿರ್ಬಂಧ’ದೊಳಗೆ ಕರಗಿಹೋಗಿದೆ. ಇಂಥ ಸಾರಾಂಶದಲ್ಲಿ ಮೊದಲು ಮಾಯವಾಗುವುದು ಬೇಡ ಎಂದ ಸಂಗತಿಗಳು, ಅಂಕಿಗಳು ಮತ್ತು ಹೆಸರುಗಳು. ಮುಂದಿನ ಉತ್ತರ ಸರಿಯಾಗಿ ಬರಲು ಬೇಕಾದದ್ದು ಅವೇ ಎಂಬುದು ವಿಪರ್ಯಾಸ.

ಇನ್ನೂ ಕಪಟವಾದ ತಪ್ಪುಗಳಿವೆ. ಮೊದಲು 150 ಜನ ಎಂದವರು ಆಮೇಲೆ 220 ಎಂದು ತಿದ್ದಿರುತ್ತಾರೆ. ಸಾರಾಂಶದಲ್ಲಿ ಎರಡೂ ಉಳಿದು, ಯಾವುದು ಈಗಿನದು ಎಂಬುದು ಅಳಿಸಿರುತ್ತದೆ. ಚಿರೋಟಿ ಮಾಡಿಸಬಹುದು ಎಂದು ಸೂಚಿಸಿದ್ದು ಚಾಟ್‌ಬಾಟ್, ಅದಕ್ಕೆ ಮನೆಯವರು ಹೂಂ ಎಂದಿರಲಿಲ್ಲ. ಸಾರಾಂಶದಲ್ಲಿ ಅದು ‘ಸಿಹಿ: ಚಿರೋಟಿ’ ಆಗಿ, ಯಾರೂ ಮಾಡದ ತೀರ್ಮಾನವಾಗಿ ಕುಳಿತುಬಿಡುತ್ತದೆ. ಎರಡನೆಯ ಸಲ ಜಾಗ ತುಂಬಿದಾಗ ಈ ಸಾರಾಂಶದ ಮೇಲೆ ಇನ್ನೊಂದು ಸಾರಾಂಶ. ತಪ್ಪಿಗೆ ಆಗ ಇನ್ನಷ್ಟು ಬಲ ಬರುತ್ತದೆ, ಏಕೆಂದರೆ ತಾಳೆ ನೋಡಲು ಮೂಲವೇ ಮಾದರಿಯ ಮುಂದೆ ಇರುವುದಿಲ್ಲ.

ಆದ್ದರಿಂದ ಅನುಭವಸ್ಥರು ಮಾದರಿಗೆ ಖಾಲಿ ಹಾಳೆ ಕೊಡುವುದಿಲ್ಲ, ನಮೂನೆ ಕೊಡುತ್ತಾರೆ. ಬಳಕೆದಾರರು ಖಚಿತಪಡಿಸಿದ್ದು, ಬೇಡವೆಂದದ್ದು, ಕೊನೆಯ ಅಂಕಿಗಳು, ಸೂಚನೆಯಾಗಿ ಮಾತ್ರ ಉಳಿದದ್ದು, ಇನ್ನೂ ತೀರ್ಮಾನವಾಗದ್ದು ಎಂದು ಶೀರ್ಷಿಕೆಗಳಿರುತ್ತವೆ. ಗೃಹಪ್ರವೇಶದ ಸಾರಾಂಶ ಆಗ ‘ಬೇಡ: ಶೇಂಗಾ, ಯಾವ ಪದಾರ್ಥದಲ್ಲೂ. ಜನ: 220. ಚಿರೋಟಿ: ಸೂಚನೆ ಮಾತ್ರ’ ಎಂದಾಗುತ್ತದೆ. ಗದ್ಯ ಒಣಗಿದೆ ನಿಜ, ಟೋಕನ್ ಮಾತ್ರ ಕಡಿಮೆ. ಅಲರ್ಜಿಯಂಥ ಸಂಗತಿಯನ್ನು ಸಾರಾಂಶದ ಕೈಗೇ ಕೊಡದೆ, ಪ್ರತ್ಯೇಕ ಪಟ್ಟಿಯಲ್ಲಿ ಬರೆದು ಪ್ರತಿ ಸಲವೂ ಕಳಿಸುವವರೂ ಇದ್ದಾರೆ. ಪೂರ್ಣ ಸಂಭಾಷಣೆಯನ್ನು ಹೊರಗೆ ದಾಸ್ತಾನು ಮಾಡಿ, ಬೇಕಾದಾಗ ಅದರಲ್ಲಿ ಹುಡುಕಿ ತರುವ ಏರ್ಪಾಡೂ ಇದೆ. 2023ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ರೂಪಿಸಿದ ಮೆಮ್‌ಜಿಪಿಟಿ ಈ ಜಾಡಿನದು. ಕಂಪ್ಯೂಟರ್ ತನ್ನ ಮೆಮೊರಿ ಮತ್ತು ಡಿಸ್ಕ್ ನಡುವೆ ಮಾಹಿತಿ ಸಾಗಿಸುವ ಕ್ರಮವನ್ನು ಅವರು ಸಂಭಾಷಣೆಗೆ ಅಳವಡಿಸಿದರು.

ಸಾರಾಂಶ ಕೆಟ್ಟಿದೆಯೇ ಎಂದು ಪರೀಕ್ಷಿಸುವುದು ಕಷ್ಟವಲ್ಲ. ಮೂಲ ಸಂಭಾಷಣೆಯಿಂದ ಹತ್ತು ಪ್ರಶ್ನೆ ತೆಗೆದು (ಎಷ್ಟು ಜನ? ಯಾರಿಗೆ ಏನು ಆಗುವುದಿಲ್ಲ? ಸಿಹಿ ಯಾವುದೆಂದು ನಿರ್ಧಾರವಾಗಿದೆಯೇ?) ಸಾರಾಂಶವನ್ನಷ್ಟೇ ಕೊಟ್ಟು ಉತ್ತರ ಕೇಳಿದರೆ ಎಲ್ಲಿ ಸೋರಿದೆ ಎಂದು ತಿಳಿಯುತ್ತದೆ. ಕೊನೆಯ ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರ ಬರಬೇಕು. ಎಡವುವುದು ಹೆಚ್ಚಾಗಿ ಅಲ್ಲೇ.

ವಿಂಡೋಗಳು ಈಗ ದೊಡ್ಡದಾಗಿವೆಯಲ್ಲ, ಇಷ್ಟೆಲ್ಲ ಏಕೆ ಎಂದು ಕೇಳಬಹುದು. 2020ರ ಜಿಪಿಟಿ-3ಕ್ಕೆ 2,048 ಟೋಕನ್ ಇದ್ದರೆ, 2024ರ ಫೆಬ್ರುವರಿಯಲ್ಲಿ ಗೂಗಲ್ ಪ್ರಕಟಿಸಿದ ಜೆಮಿನಿ 1.5 ಹತ್ತು ಲಕ್ಷದವರೆಗೆ ಹೋಯಿತು. ಆದರೆ ಕಳಿಸಿದ ಪ್ರತಿ ಟೋಕನ್‌ಗೂ ಬೆಲೆಯಿದೆ, ಉದ್ದ ಹೆಚ್ಚಿದಂತೆ ಉತ್ತರ ತಡವಾಗುತ್ತದೆ. ಮೇಲಾಗಿ, ಉದ್ದದ ಪಠ್ಯದ ಆರಂಭ ಮತ್ತು ಕೊನೆಯಲ್ಲಿರುವ ಮಾಹಿತಿಯನ್ನು ಮಾದರಿಗಳು ಚೆನ್ನಾಗಿ ಬಳಸಿ, ನಡುವಿನದನ್ನು ಕಡೆಗಣಿಸುತ್ತವೆ ಎಂದು 2023ರಲ್ಲಿ ಸ್ಟ್ಯಾನ್‌ಫರ್ಡ್‌ನ ನೆಲ್ಸನ್ ಲಿಯು ಮತ್ತು ಸಂಗಡಿಗರು ತೋರಿಸಿದರು. ಆಮೇಲಿನ ಮಾದರಿಗಳು ಸುಧಾರಿಸಿವೆ. ಆದರೂ ಜಾಗವಿದೆ ಎಂದು ಎಲ್ಲವನ್ನೂ ತುಂಬುವುದು ಜಾಣತನವಲ್ಲ.

ಪ್ರೋಗ್ರಾಮ್ ಬರೆಯುವವರು ಬಳಸುವ ಕ್ಲಾಡ್ ಕೋಡ್‌ನಲ್ಲಿ ಈ ಕೆಲಸ ತಾನಾಗಿ ನಡೆಯುತ್ತದೆ. ಬೇಕೆಂದಾಗ `/compact` ಎಂದು ಟೈಪ್ ಮಾಡಿಯೂ ಮಾಡಿಸಬಹುದು, ಅದರ ಮುಂದೆ ಏನನ್ನು ಉಳಿಸಬೇಕು ಎಂದೂ ಬರೆಯಬಹುದು. ಇಂಥ ಸೌಲಭ್ಯವಿಲ್ಲದ ಚಾಟ್‌ಬಾಟ್‌ನಲ್ಲಿ ಸಾಮಾನ್ಯ ಬಳಕೆದಾರರೇ ಇದನ್ನು ಕೈಯಾರೆ ಮಾಡಬಹುದು. ಮಾತು ಉದ್ದವಾಯಿತು ಅನ್ನಿಸಿದಾಗ, ಮೇಲಿನ ಶೀರ್ಷಿಕೆಗಳನ್ನು ಕೊಟ್ಟು ಸಾರಾಂಶ ಬರೆಸಬೇಕು. ಅದನ್ನು ಸಾಲು ಸಾಲಾಗಿ ಓದಿ, ತಪ್ಪಿದ್ದರೆ ತಿದ್ದಿ, ಹೊಸ ಸಂಭಾಷಣೆ ತೆರೆದು ಮೊದಲ ಸಂದೇಶವಾಗಿ ಅಂಟಿಸಬೇಕು.