ಕಣ್ಣಿಗೆ ಚೆಂದ, ಯಂತ್ರಕ್ಕೆ ಕಲಸುಮೇಲೋಗರ
ಎಡಗಡೆ ಕೌಶಲಗಳು, ಬಲಗಡೆ ಅನುಭವ: ಲೆಕ್ಕಿಗರೊಬ್ಬರ ಎರಡು ಕಾಲಂನ ರೆಸ್ಯೂಮೆ ಅಂದುಕೊಳ್ಳಿ. ನೇಮಕಾತಿಯವರ ಕಣ್ಣು ಮೊದಲು ಓಡುವುದು ಈಗಿನ ಹುದ್ದೆ, ಕಂಪನಿ, ಸೇರಿದ-ಬಿಟ್ಟ ವರ್ಷಗಳ ಕಡೆಗೆ. ಅಮೆರಿಕದ ಲ್ಯಾಡರ್ಸ್ ಸಂಸ್ಥೆ 2018ರಲ್ಲಿ ಕಣ್ಣಿನ ಚಲನೆ ಅಳೆದಾಗ ಈ ಮೊದಲ ನೋಟಕ್ಕೆ ಸಿಕ್ಕಿದ್ದು ಸರಾಸರಿ 7.4 ಸೆಕೆಂಡು. ಅಷ್ಟರಲ್ಲಿ ಅಂದವಾದ ವಿನ್ಯಾಸ ನೆರವಾಗುತ್ತದೆ, ನಿಜ.

ಸಾಫ್ಟ್‌ವೇರಿಗೆ ಅಂದ ಕಾಣದು. ಅದು ಅಕ್ಷರಗಳನ್ನು ಹೆಕ್ಕಿ ಹುದ್ದೆ, ದಿನಾಂಕ, ಕೌಶಲಗಳ ಖಾನೆಗಳಿಗೆ ತುಂಬುತ್ತದೆ. ಕೆಲವು ತಂತ್ರಾಂಶಗಳು ಎರಡೂ ಕಾಲಂಗಳನ್ನು ಅಡ್ಡಕ್ಕೆ ಓದಿಬಿಡುತ್ತವೆ: ‘ಟ್ಯಾಲಿ ಹಿರಿಯ ಜಿಎಸ್‌ಟಿ ಲೆಕ್ಕಿಗ’. ಆಮೇಲೆ ಯಾರಾದರೂ ‘ಹಿರಿಯ ಲೆಕ್ಕಿಗ’ ಎಂದು ಹುಡುಕಿದರೆ ಇವರ ಹೆಸರು ಮೇಲೆ ಬರುವುದೇ ಅನುಮಾನ.

ಪಿಡಿಎಫ್‌ನ ಬರಹವನ್ನೆಲ್ಲ ಕಾಪಿ ಮಾಡಿ ನೋಟ್‌ಪ್ಯಾಡಿಗೆ ಹಾಕಿ ನೋಡಿ. ಅಲ್ಲಿ ಸಾಲುಗಳು ಕಲಸಿಹೋಗಿದ್ದರೆ ಯಂತ್ರಕ್ಕೂ ಹಾಗೆಯೇ ಕಂಡೀತು.