ಹಳೆಯ ಪೊಟ್ಟಣ, ಹೊಸ ಮಾತು

ಸಾರಿನ ಪುಡಿಯನ್ನು ಡಬ್ಬಿಗೆ ಸುರಿದುಕೊಂಡ ಮೇಲೆ ಖಾಲಿ ಪೊಟ್ಟಣವನ್ನು ಎಸೆಯುವ ಮುನ್ನ ಅದರ ಮೇಲಿನ ಬರಹವನ್ನು ಒಮ್ಮೆ ಪೂರ್ತಿ ಓದಿ. ಮೂವತ್ತು ನಲವತ್ತು ವರ್ಷಗಳಿಂದ ಅಂಗಡಿಯಲ್ಲಿರುವ ಸರಕಾದರೆ ಆ ಬರಹದಲ್ಲಿ ಒಂದು ಕಾಲವೇ ಕುಳಿತಿರುತ್ತದೆ. ಮುಂದುಗಡೆ ದಪ್ಪ ಅಕ್ಷರದಲ್ಲಿ 'ಶುದ್ಧ ಸಾರಿನ ಪುಡಿ'. ಅದರ ಕೆಳಗೆ 'ಮನೆಯಲ್ಲೇ ತಯಾರಿಸಿದ್ದು', 'ಗೃಹಿಣಿಯರ ಅಚ್ಚುಮೆಚ್ಚು'. ಹಿಂದುಗಡೆ 'ಅರ್ಧ ಪಾವು ತೊಗರಿಬೇಳೆ ಬೇಯಿಸಿ, ನಿಂಬೆಹಣ್ಣಿನ ಗಾತ್ರದ ಹುಣಿಸೇಹಣ್ಣು ಕಿವುಚಿ, ಎರಡು ಚಮಚ ಪುಡಿ ಹಾಕಿ ಹದವಾಗಿ ಕುದಿಸಿ' ಎಂಬ ವಿಧಾನ. ಕಟ್ಟಕಡೆಗೆ 'ನಕಲಿ ಮಾಲಿಗೆ ಮೋಸಹೋಗದಿರಿ, ನಮ್ಮ ಗುರುತು ನೋಡಿ ಕೊಳ್ಳಿ'.

ಇದು ಯಾವುದೋ ಒಂದು ಕಂಪನಿಯ ಪೊಟ್ಟಣವಲ್ಲ. ಇಂಥ ಹತ್ತಾರು ಪೊಟ್ಟಣಗಳಲ್ಲಿ ಕಾಣುವ ಸಾಲುಗಳನ್ನು ಉದಾಹರಣೆಗಾಗಿ ಒಂದೆಡೆ ಸೇರಿಸಿದ್ದೇನೆ. ಅಪ್ಪ ಕಟ್ಟಿದ ಕಾರ್ಖಾನೆಯನ್ನು ಮಗಳು ವಹಿಸಿಕೊಂಡಾಗ, ಈ ಬರಹ ಹಳತಾಯಿತು, ಬದಲಿಸೋಣ ಎಂಬ ಮಾತು ಬಂದೇ ಬರುತ್ತದೆ. ಅದೇ ಪೊಟ್ಟಣವನ್ನು ಇಪ್ಪತ್ತು ವರ್ಷದಿಂದ ತರುತ್ತಿರುವ ಗಿರಾಕಿ ಮಾತ್ರ ಬದಲಾವಣೆ ಕೇಳಿರುವುದಿಲ್ಲ. ಅವರಿಗೆ ಆ ಸಾಲುಗಳು ಅಡುಗೆಮನೆಯ ಗೋಡೆಯಷ್ಟು ಪರಿಚಿತ. ಹಾಗಾದರೆ ಯಾವುದನ್ನು ತಿದ್ದಬೇಕು, ಯಾವುದನ್ನು ಮುಟ್ಟಬಾರದು?

ಪೊಟ್ಟಣದ ಮಾತುಗಳೆಲ್ಲ ಒಂದೇ ಕೆಲಸ ಮಾಡುವುದಿಲ್ಲ. ಕೆಲವು ಗುರುತು ಹಿಡಿಯಲು ಇರುವಂಥವು, ಕೆಲವು ಭರವಸೆ ಕೊಡುವಂಥವು, ಇನ್ನು ಕೆಲವು ವಿಧಾನ ಹೇಳುವಂಥವು. ತಿದ್ದುವ ಮೊದಲು ಪ್ರತಿ ಸಾಲನ್ನೂ ಈ ಮೂರು ಗುಂಪಿಗೆ ಹಂಚಬೇಕು. ಒಂದೊಂದು ಗುಂಪಿನ ನಿಯಮವೂ ಬೇರೆ.

ಮೊದಲು ಗುರುತಿನ ಮಾತು. ಇದನ್ನು ಕಚೇರಿಯಲ್ಲಿ ಕೂತು ಪತ್ತೆಹಚ್ಚಲಾಗದು. ಒಂದು ಬೆಳಿಗ್ಗೆ ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆ ಪಕ್ಕ ನಿಂತು, ಜನ ಆ ಸರಕನ್ನು ಏನೆಂದು ಕೇಳುತ್ತಾರೆ ಎಂದು ಬರೆದುಕೊಳ್ಳಬೇಕು. ಕಂಪನಿಯ ಪೂರ್ತಿ ಹೆಸರನ್ನು ಯಾರೂ ಹೇಳುವುದಿಲ್ಲ. 'ಆ ಕೆಂಪು ಪೊಟ್ಟಣ ಕೊಡಿ', 'ಶುದ್ಧ ಅಂತ ಬರೆದಿರತ್ತಲ್ಲ, ಅದು' ಎನ್ನುತ್ತಾರೆ. ಹೀಗೆ ಬಾಯಲ್ಲಿ ಉಳಿದಿರುವ ಪದ, ಬಣ್ಣ, ಚಿತ್ರಗಳೇ ನಿಜವಾದ ಗುರುತು. ಅವುಗಳ ಜಾಗ, ಗಾತ್ರ, ಅಕ್ಷರದ ಆಕಾರವನ್ನು ಸಾಧ್ಯವಾದಷ್ಟು ಹಾಗೇ ಬಿಡಬೇಕು.

ಬಿಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಟ್ರಾಪಿಕಾನ ಕಿತ್ತಳೆ ರಸದ ಕಥೆ ಈ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತು. 2009ರ ಜನವರಿಯಲ್ಲಿ ಪೆಪ್ಸಿಕೊ ಕಂಪನಿ ಅದರ ಪೆಟ್ಟಿಗೆಯನ್ನು ಹೊಸದಾಗಿ ರೂಪಿಸಿತು. ಕಿತ್ತಳೆ ಹಣ್ಣಿಗೇ ಸ್ಟ್ರಾ ಚುಚ್ಚಿದ್ದ ಹಳೆಯ ಚಿತ್ರ ಹೋಗಿ ಲೋಟದಲ್ಲಿರುವ ರಸದ ಚಿತ್ರ ಬಂತು, ಹೆಸರಿನ ಅಕ್ಷರಗಳೂ ಬದಲಾದವು. ಒಳಗಿದ್ದ ರಸ ಅದೇ. ಜನರಿಗೆ ಮಾತ್ರ ಅದು ಯಾವುದೋ ಅಗ್ಗದ ರಸದಂತೆ ಕಂಡಿತು. ಎರಡು ತಿಂಗಳು ತುಂಬುವುದರೊಳಗೆ ಮಾರಾಟ ಸುಮಾರು 20 ಶೇಕಡಾ ಕುಸಿಯಿತು. ಫೆಬ್ರವರಿಯಲ್ಲೇ ಕಂಪನಿ ಹಳೆಯ ಪೆಟ್ಟಿಗೆಗೆ ಮರಳುವುದಾಗಿ ಪ್ರಕಟಿಸಿತು.

ನಮ್ಮ ಪೊಟ್ಟಣದಲ್ಲಿ 'ನಕಲಿ ಮಾಲಿಗೆ ಮೋಸಹೋಗದಿರಿ' ಎಂಬ ಸಾಲು ಈ ಗುಂಪಿಗೇ ಸೇರುತ್ತದೆ. ಭಾಷೆ ಹಳೆಯದು, ನಿಜ. ಆದರೆ ಅದರಲ್ಲಿ ಸುಳ್ಳಿಲ್ಲ, ಯಾರಿಗೂ ನೋವಿಲ್ಲ, ಅರ್ಥವಾಗದ್ದೂ ಇಲ್ಲ. ಹಳೆಯ ಗಿರಾಕಿಗೆ ಅದು ಕಂಪನಿಯ ದನಿ. ಅದನ್ನು ತೆಗೆದು 'ಗುಣಮಟ್ಟವೇ ನಮ್ಮ ಧ್ಯೇಯ' ಎಂದು ಬರೆದರೆ ಲಾಭವೇನು? ಆ ಮಾತು ಯಾವ ಪೊಟ್ಟಣದ ಮೇಲಾದರೂ ಕೂರುತ್ತದೆ. ಹಳತು ಎಂಬ ಒಂದೇ ಕಾರಣಕ್ಕೆ ಯಾವ ಸಾಲನ್ನೂ ತೆಗೆಯಬಾರದು.

ಎರಡನೆಯದು ಭರವಸೆಯ ಮಾತು. ಇಲ್ಲಿ ಅಭಿಮಾನಕ್ಕಿಂತ ಸತ್ಯ ದೊಡ್ಡದು, ಕಾನೂನೂ ಅದನ್ನೇ ಹೇಳುತ್ತದೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2018ರಲ್ಲಿ ಜಾಹೀರಾತು ಮತ್ತು ಹೇಳಿಕೆಗಳಿಗೆ ನಿಯಮ ತಂದಿತು. ಅದರಂತೆ 'ಶುದ್ಧ' ಎಂಬ ವಿಶೇಷಣ ಒಂದೇ ಪದಾರ್ಥವಿರುವ, ಬೇರೇನೂ ಬೆರೆಸದ ಆಹಾರಕ್ಕೆ ಸಲ್ಲುತ್ತದೆ. ಬರೀ ಅರಿಸಿನ ಪುಡಿಯನ್ನು ಶುದ್ಧ ಎನ್ನಬಹುದು. ಧನಿಯ, ಮೆಣಸಿನಕಾಯಿ, ಜೀರಿಗೆ, ಮೆಂತ್ಯ, ಇಂಗು ಎಲ್ಲ ಸೇರಿದ ಸಾರಿನ ಪುಡಿ ಮಿಶ್ರ ಆಹಾರ. ಅದಕ್ಕೆ ಆ ಪದ ಸಲ್ಲದು. ಹಾಗೆಯೇ ಕಾರ್ಖಾನೆಯಲ್ಲಿ ಆದದ್ದನ್ನು 'ಮನೆಯಲ್ಲೇ ತಯಾರಿಸಿದ್ದು' ಎಂದು ಬರೆದು ಗಿರಾಕಿಗೆ ತಪ್ಪು ಕಲ್ಪನೆ ಹುಟ್ಟಿಸುವುದಕ್ಕೂ ನಿಯಮ ಒಪ್ಪುವುದಿಲ್ಲ.

ಈಗ ನಿಜವಾದ ಇಕ್ಕಟ್ಟು ಎದುರಾಗುತ್ತದೆ. ಗಿರಾಕಿ ಗುರುತು ಹಿಡಿಯುವ ಪದವೇ 'ಶುದ್ಧ'. ಕಾನೂನು ಒಪ್ಪದ ಪದವೂ ಅದೇ. ದಾರಿಯನ್ನು ನಿಯಮವೇ ತೋರಿಸಿದೆ. ಮಿಶ್ರ ಆಹಾರವನ್ನು ಶುದ್ಧ ಎನ್ನುವಂತಿಲ್ಲ, ಆದರೆ ಅದರಲ್ಲಿರುವ ಪದಾರ್ಥಗಳು ಆ ಮಟ್ಟದವಾಗಿದ್ದರೆ 'ಶುದ್ಧ ಪದಾರ್ಥಗಳಿಂದ ತಯಾರಿಸಿದ್ದು' ಎನ್ನಬಹುದು. ಹೊಸ ಪೊಟ್ಟಣದಲ್ಲಿ ಹಳೆಯ ಜಾಗದಲ್ಲೇ, ಹಳೆಯ ಅಕ್ಷರಶೈಲಿಯಲ್ಲೇ 'ಶುದ್ಧ ಪದಾರ್ಥಗಳ ಸಾರಿನ ಪುಡಿ' ಎಂದು ಬರೆದರೆ ಕಣ್ಣಿಗೆ ಪರಿಚಯ ಉಳಿಯುತ್ತದೆ, ಮಾತೂ ಸರಿಹೋಗುತ್ತದೆ. 'ಮನೆಯಲ್ಲೇ ತಯಾರಿಸಿದ್ದು' ಎಂಬ ಸಾಲಿಗೆ ಇಂಥ ದಾರಿಯಿಲ್ಲ, ಅದು ಹೋಗಲೇಬೇಕು. ಆ ಖಾಲಿ ಜಾಗಕ್ಕೆ ನಿಜವಾದ ಒಂದು ಸಂಗತಿ ಬರಲಿ. ಧನಿಯ, ಮೆಣಸಿನಕಾಯಿಗಳನ್ನು ಬೇರೆ ಬೇರೆ ಹುರಿದು ಪುಡಿ ಮಾಡುವುದು ನಿಜವಾಗಿದ್ದರೆ 'ಬೇರೆ ಬೇರೆ ಹುರಿದು ಪುಡಿ ಮಾಡಿದ್ದು' ಎಂದು ಬರೆಯಬಹುದು. ಅಡುಗೆ ಬಲ್ಲವರಿಗೆ ಅದರ ಬೆಲೆ ಗೊತ್ತಾಗುತ್ತದೆ.

'ಗೃಹಿಣಿಯರ ಅಚ್ಚುಮೆಚ್ಚು' ಎಂಬುದಕ್ಕೆ ಕಾನೂನಿನ ತೊಡಕಿಲ್ಲ, ಕಾಲದ ತೊಡಕಿದೆ. ಇವತ್ತು ಆ ಪೊಟ್ಟಣವನ್ನು ಬಾಡಿಗೆ ಕೋಣೆಯ ಹುಡುಗನೂ, ಕೆಲಸದಿಂದ ತಡವಾಗಿ ಬರುವ ಗಂಡನೂ ಒಡೆಯುತ್ತಾನೆ. 'ಮನೆಮಂದಿಯ ಅಚ್ಚುಮೆಚ್ಚು' ಎಂದು ಒಂದೇ ಪದ ತಿದ್ದಿದರೆ ಸಾಲಿನ ಓಟ ಉಳಿಯುತ್ತದೆ, ಯಾರೂ ಹೊರಗುಳಿಯುವುದಿಲ್ಲ. ಬಾಯಿಗೆ ಒಗ್ಗಿದ ಸಾಲಿನಲ್ಲಿ ತಪ್ಪಿರುವ ಪದವನ್ನಷ್ಟೇ ಬದಲಿಸುವುದು ಇಡೀ ಸಾಲನ್ನು ಹೊಸದಾಗಿ ಬರೆಯುವುದಕ್ಕಿಂತ ಯಾವಾಗಲೂ ಲೇಸು.

ಮೂರನೆಯದು ವಿಧಾನದ ಮಾತು. ಇಲ್ಲಿ ಹಳೆಯ ಗಿರಾಕಿಯ ಮುನಿಸಿಗೆ ಹೆದರಬೇಕಿಲ್ಲ, ಏಕೆಂದರೆ ಅವರು ಈ ಸಾಲುಗಳನ್ನು ಓದುವುದನ್ನು ಬಿಟ್ಟು ವರ್ಷಗಳಾಗಿವೆ. ಅವರಿಗೆ ಕೈಯಳತೆ ಗೊತ್ತು. ಓದುವವರು ಹೊಸಬರು. ಪಾವು ಎಂದರೆ ಸೇರಿನ ಕಾಲು ಭಾಗ ಎಂದು ತಿಳಿಯದವರು, ಚಮಚ ಎಂದರೆ ಚಹಾದ ಚಮಚವೋ ಊಟದ ಚಮಚವೋ ಎಂದು ತಡವರಿಸುವವರು. ಸಾರು ನೀರಾದರೆ ಅವರು ಪುಡಿಯನ್ನೇ ದೂರುತ್ತಾರೆ.

ಆದ್ದರಿಂದ ಬರೆದವರು ಒಲೆಯ ಮುಂದೆ ನಿಲ್ಲಬೇಕು. ಈ ಪುಡಿಯನ್ನು ಎಂದೂ ಬಳಸದ ಒಬ್ಬರ ಕೈಗೆ ಪೊಟ್ಟಣ ಕೊಟ್ಟು, ತಾವು ಬಾಯಿ ಬಿಡದೆ, ಅವರು ಸಾರು ಮಾಡುವುದನ್ನು ನೋಡಬೇಕು. ಅವರ ಕೈ ಎಲ್ಲಿ ನಿಲ್ಲುತ್ತದೋ ಅಲ್ಲಿ ಬರಹ ಸೋತಿದೆ. ಸಾಮಾನ್ಯವಾಗಿ ಕೈ ನಿಲ್ಲುವುದು ಮೂರು ಕಡೆ: ಪಾವು, ಚಮಚ, ಮತ್ತೆ 'ಹದವಾಗಿ'. 'ಅರ್ಧ ಪಾವು' ಎಂಬುದನ್ನು ಅಳಿಸದೆ, 'ಅಂದರೆ ಸುಮಾರು ಅರ್ಧ ಕಪ್' ಎಂದು ಪಕ್ಕದಲ್ಲಿ ಸೇರಿಸಬಹುದು. ಚಮಚ ಯಾವುದು, ತಲೆತಟ್ಟಿದ್ದೋ ರಾಶಿಯೋ ಎಂದು ಹೇಳಬೇಕು. ಹದವಾಗಿ ಎಂಬಲ್ಲಿ 'ನೊರೆ ಮೇಲೇರುವವರೆಗೆ' ಎಂದರೆ ಕಣ್ಣಿಗೆ ಕಾಣುವ ಗುರುತು ಸಿಗುತ್ತದೆ. ನೀರೆಷ್ಟು, ಎಷ್ಟು ಜನಕ್ಕೆ ಎಂಬುದನ್ನು ಹಳೆಯ ಬರಹ ಹೇಳಿಯೇ ಇಲ್ಲ, ಅದು ಸೇರಬೇಕು. ನಿಂಬೆಹಣ್ಣಿನ ಗಾತ್ರದ ಹುಣಿಸೇಹಣ್ಣು ಮಾತ್ರ ಇದ್ದ ಹಾಗೇ ಇರಲಿ. ಆ ಅಳತೆ ಇಂದಿಗೂ ಎಲ್ಲರಿಗೂ ಅರ್ಥವಾಗುತ್ತದೆ.

ಇಷ್ಟು ಜಾಗ್ರತೆಯಿಂದ ತಿದ್ದಿದರೂ ಒಂದು ದೂರು ಬರುತ್ತದೆ: 'ರುಚಿ ಮೊದಲಿನ ಹಾಗಿಲ್ಲ.' ಪುಡಿಯಲ್ಲಿ ಒಂದು ಕಾಳೂ ಬದಲಾಗಿರುವುದಿಲ್ಲ. ಹಾಗೆಂದು ದೂರುವವರು ಸುಳ್ಳು ಹೇಳುತ್ತಿದ್ದಾರೆ ಎಂದುಕೊಳ್ಳಬಾರದು. ಕಣ್ಣು ನೋಡಿದ್ದು ನಾಲಿಗೆಗೂ ತಟ್ಟುತ್ತದೆ. 2011ರ ಕೊನೆಯಲ್ಲಿ ಅಮೆರಿಕದಲ್ಲಿ ಕೋಕಾ ಕೋಲ ಕಂಪನಿ ಹಿಮಕರಡಿಗಳ ರಕ್ಷಣೆಯ ಪ್ರಚಾರಕ್ಕಾಗಿ ತನ್ನ ಕೆಂಪು ಡಬ್ಬಿಯನ್ನು ಬಿಳಿ ಮಾಡಿತು. ಅದು ಡಯಟ್ ಕೋಕ್ ಡಬ್ಬಿಯಂತೆ ಕಾಣುತ್ತದೆ ಎಂದು ಕೆಲವರು ಗೊಂದಲಗೊಂಡರೆ, ಪಾನೀಯದ ರುಚಿಯೇ ಬೇರೆಯಾಗಿದೆ ಎಂದು ಇನ್ನು ಕೆಲವರು ದೂರಿದರು. ಕಂಪನಿ ಅದೇ ಋತುವಿನಲ್ಲಿ ಕೆಂಪು ಡಬ್ಬಿಗೆ ಮರಳಿತು.

ದೂರು ಪೊಟ್ಟಣದ್ದೋ ಪುಡಿಯದ್ದೋ ಎಂದು ತಿಳಿಯಲು ಒಂದು ಸರಳ ಉಪಾಯವಿದೆ. ಒಂದೇ ದಿನ ಅರೆದ, ಒಂದೇ ಬ್ಯಾಚಿನ ಪುಡಿಯನ್ನು ಅರ್ಧ ಹಳೆಯ ಪೊಟ್ಟಣದಲ್ಲಿ, ಅರ್ಧ ಹೊಸದರಲ್ಲಿ ತುಂಬಿ ಒಂದೇ ಊರಿನ ಅಂಗಡಿಗಳಿಗೆ ಕಳಿಸಬೇಕು. ದೂರು ಬಂದಾಗ ಬ್ಯಾಚ್ ಸಂಖ್ಯೆಯನ್ನೂ ಪೊಟ್ಟಣ ಯಾವುದೆಂಬುದನ್ನೂ ಕೇಳಿ ಬರೆದುಕೊಳ್ಳಬೇಕು. ದೂರು ಎರಡರಿಂದಲೂ ಬಂದರೆ ಪುಡಿಯನ್ನು ಪರೀಕ್ಷಿಸಬೇಕು. ಹೊಸದರಿಂದ ಮಾತ್ರ ಬಂದರೆ ತಪ್ಪು ಬರಹದ್ದು ಅಥವಾ ಬಣ್ಣದ್ದು.

ಈ ದೂರನ್ನು ತಗ್ಗಿಸುವ ಕ್ರಮವೂ ಇದೆ. ಮೊದಲ ಕೆಲವು ತಿಂಗಳು ಮುಂದುಗಡೆ 'ಹೊಸ ಬರಹ, ಅದೇ ಪುಡಿ' ಎಂಬ ಪಟ್ಟಿ ಇರಲಿ. ಅದಕ್ಕಿಂತ ಮುಖ್ಯವಾದದ್ದು, ಬರಹ ಬದಲಿಸುವ ಹೊತ್ತಿಗೇ ಬೆಲೆ ಏರಿಸುವುದಾಗಲಿ ತೂಕ ಇಳಿಸುವುದಾಗಲಿ ಕೂಡದು. 200 ಗ್ರಾಂ ಪೊಟ್ಟಣ ಹೊಸ ವೇಷದಲ್ಲಿ 180 ಗ್ರಾಂ ಆದರೆ ಗಿರಾಕಿ ಅದನ್ನು ಕಂಡೇ ಕಾಣುತ್ತಾರೆ. ಅಲ್ಲಿಂದಾಚೆಗೆ ಹೊಸ ಪೊಟ್ಟಣದ ಒಂದು ಮಾತನ್ನೂ ನಂಬುವುದಿಲ್ಲ.

ಅಚ್ಚಿನ ಖರ್ಚಿನ ಮಾತೂ ಇದೆ. ಪೊಟ್ಟಣದ ಪ್ಲಾಸ್ಟಿಕ್ ಸುರುಳಿಯನ್ನು ಗ್ರೇವ್ಯೂರ್ ಯಂತ್ರದಲ್ಲಿ ಅಚ್ಚು ಹಾಕಿಸುವುದಾದರೆ ಒಂದೊಂದು ಬಣ್ಣಕ್ಕೆ ಒಂದೊಂದು ಕೊರೆದ ಸಿಲಿಂಡರ್ ಬೇಕು. ಐದು ಬಣ್ಣದಲ್ಲಿ ಹಂಚಿಹೋದ ಬರಹವನ್ನು ತಿದ್ದಲು ಐದು ಸಿಲಿಂಡರ್ ಕೊರೆಸಬೇಕಾದೀತು. ಬದಲಾಗಬಹುದಾದ ಬರಹವನ್ನೆಲ್ಲ ಕಪ್ಪು ಬಣ್ಣವೊಂದರಲ್ಲೇ ಇಟ್ಟರೆ ಒಂದನ್ನು ಕೊರೆಸಿದರೆ ಸಾಕು. ಹೀಗಿದ್ದಾಗ ಒಮ್ಮೆಗೇ ಎಲ್ಲವನ್ನೂ ಬದಲಿಸುವ ಆತುರ ಇರುವುದಿಲ್ಲ. ಕಾನೂನಿಗೆ ಒಪ್ಪದ ಸಾಲುಗಳು ಮೊದಲು ಸರಿಹೋಗಲಿ, ಮುಂದಿನ ಸುರುಳಿಯಲ್ಲಿ ವಿಧಾನ, ಆಮೇಲೆ ಉಳಿದದ್ದು. ಬದಲಾವಣೆ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಬಂದರೆ ಗಿರಾಕಿಯ ಕಣ್ಣೂ ಹೊಂದಿಕೊಳ್ಳುತ್ತದೆ.

ಓದುಗರಿಗೂ ಇದರಲ್ಲಿ ಒಂದು ಪಾತ್ರವಿದೆ. ಪೊಟ್ಟಣದ ಮೇಲೆ ಗ್ರಾಹಕರು ದೂರು ಹೇಳಲು ಸಂಪರ್ಕ ವಿವರ ಇರಲೇಬೇಕೆಂದು ನಿಯಮವಿದೆ. ನಿಮಗೆ ಒಗ್ಗಿದ ಸರಕಿನ ಬರಹ ಬದಲಾಗಿ ಏನೋ ತಪ್ಪಿದೆ ಎನಿಸಿದರೆ ಸುಮ್ಮನೆ ಬೇರೆ ಪೊಟ್ಟಣಕ್ಕೆ ಹೋಗಬೇಡಿ. ಆ ಸಂಖ್ಯೆಗೆ ಕರೆ ಮಾಡಿ, ಬ್ಯಾಚ್ ಸಂಖ್ಯೆ ಹೇಳಿ, ಯಾವ ಸಾಲು ಕಾಣೆಯಾಗಿದೆ ಎಂದು ತಿಳಿಸಿ. ಮುಂದಿನ ಸುರುಳಿ ಅಚ್ಚಿಗೆ ಹೋಗುವ ಮೊದಲು ಆ ಮಾತು ತಲುಪಿದರೆ ಸಾಲು ತನ್ನ ಜಾಗಕ್ಕೆ ಮರಳಲು ಇನ್ನೂ ಅವಕಾಶವಿರುತ್ತದೆ.