ಮುಟ್ಟು ನಿಂತಿದೆ, ಗರ್ಭವೂ ನಿಲ್ಲುತ್ತಿಲ್ಲ: ಪ್ರೊಲ್ಯಾಕ್ಟಿನ್ ಹೆಚ್ಚಳವೋ, ಅಂಡಾಶಯದ ವೈಫಲ್ಯವೋ?

ದಿನ ದಾಟಿ ಎರಡು ವಾರವಾದರೂ ಮುಟ್ಟಾಗದಿದ್ದರೆ ಮಗುವಿಗಾಗಿ ಕಾಯುತ್ತಿರುವ ಮಹಿಳೆ ಮೊದಲು ತರಿಸುವುದು ಗರ್ಭಪರೀಕ್ಷೆಯ ಕಿಟ್. ಅದರಲ್ಲಿ ಒಂದೇ ಗೆರೆ ಬಂದರೆ ನಿರಾಸೆ. ಆಮೇಲೆ ಹೆಚ್ಚಾಗಿ ನಡೆಯುವುದು ಒಂದೇ: 'ಪಿರಿಯಡ್ಸ್ ಬರುವ ಮಾತ್ರೆ'. ಐದಾರು ದಿನ ನುಂಗಿ ನಿಲ್ಲಿಸಿದರೆ ವಾರದೊಳಗೆ ರಕ್ತಸ್ರಾವವಾಗುತ್ತದೆ. ಸಮಸ್ಯೆ ಸರಿಹೋಯಿತು ಎಂದು ಸಮಾಧಾನವಾಗುತ್ತದೆ. ಮುಂದಿನ ತಿಂಗಳು ಮತ್ತೆ ಅದೇ ಕಥೆ.

ಈ ಮಾತ್ರೆಯಲ್ಲಿರುವುದು ಪ್ರೊಜೆಸ್ಟರಾನ್ ಜಾತಿಯ ಹಾರ್ಮೋನು. ಅದು ಗರ್ಭಕೋಶದ ಒಳಪದರವನ್ನು ಉದುರಿಸುತ್ತದೆ, ಅಷ್ಟೇ. ಅಂಡಾಶಯದಿಂದ ಅಂಡಾಣು ಬಿಡುಗಡೆಯಾಗುವಂತೆ ಮಾಡುವುದಿಲ್ಲ. ಹೀಗಾಗಿ ಮಾತ್ರೆಯಿಂದ ಬಂದ ರಕ್ತಸ್ರಾವ ನಿಜವಾದ ಮುಟ್ಟೂ ಅಲ್ಲ, ಗರ್ಭ ಧರಿಸುವ ಸಾಮರ್ಥ್ಯದ ಗುರುತೂ ಅಲ್ಲ. ಮುಟ್ಟು ಏಕೆ ನಿಂತಿತು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಆ ಪ್ರಶ್ನೆಗೆ ಪಿಸಿಓಎಸ್ ಮತ್ತು ಥೈರಾಯ್ಡ್ ಎಂಬ ಉತ್ತರಗಳು ಈಗ ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ ಇನ್ನೆರಡು ಕಾರಣಗಳಿವೆ: ರಕ್ತದಲ್ಲಿ ಪ್ರೊಲ್ಯಾಕ್ಟಿನ್ ಹಾರ್ಮೋನು ಹೆಚ್ಚಾಗುವುದು ಮತ್ತು 40 ವರ್ಷಕ್ಕೆ ಮೊದಲೇ ಅಂಡಾಶಯ ಕೆಲಸ ನಿಲ್ಲಿಸುವುದು. ಹೊರಗಿನಿಂದ ಎರಡೂ ಒಂದೇ ರೀತಿ ಕಾಣಬಹುದು. ಆದರೆ ಮೊದಲನೆಯದು ಬಹುತೇಕ ಮಾತ್ರೆಯಿಂದಲೇ ಸರಿಹೋಗುತ್ತದೆ. ಎರಡನೆಯದರಲ್ಲಿ ಚಿಕಿತ್ಸೆಯ ದಾರಿಯೇ ಬೇರೆ.

ಕರೆ ಹೋಗುತ್ತಿಲ್ಲವೇ, ಓಗೊಡುವವರಿಲ್ಲವೇ?

ಮೆದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ದೊಡ್ಡ ಪಿಟ್ಯುಟರಿ ಗ್ರಂಥಿ ಇದೆ. ಅದು ಎಫ್‌ಎಸ್‌ಎಚ್ ಮತ್ತು ಎಲ್‌ಎಚ್ ಎಂಬ ಹಾರ್ಮೋನುಗಳ ಮೂಲಕ ಪ್ರತಿ ತಿಂಗಳೂ ಅಂಡಾಶಯವನ್ನು ಕರೆಯುತ್ತದೆ. ಆ ಕರೆಗೆ ಅಂಡಾಶಯ ಒಂದು ಅಂಡಾಣುವನ್ನು ಬೆಳೆಸುತ್ತದೆ, ಈಸ್ಟ್ರೊಜೆನ್ ಹಾರ್ಮೋನನ್ನು ಸ್ರವಿಸುತ್ತದೆ. ಈಸ್ಟ್ರೊಜೆನ್ ಏರಿದಾಗ ಪಿಟ್ಯುಟರಿ ತನ್ನ ದನಿ ತಗ್ಗಿಸುತ್ತದೆ.

ಪ್ರೊಲ್ಯಾಕ್ಟಿನ್ ಹೆರಿಗೆಯ ನಂತರ ಎದೆಹಾಲು ಉತ್ಪಾದಿಸುವ ಹಾರ್ಮೋನು. ಅದು ಹೆಚ್ಚಿರುವಾಗ ಮೆದುಳು ಪಿಟ್ಯುಟರಿಗೆ ಕೊಡುವ ಸೂಚನೆ ಮಂಕಾಗುತ್ತದೆ. ಮಗುವಿಗೆ ಹಾಲೂಡಿಸುವ ತಾಯಿಗೆ ಹಲವು ತಿಂಗಳು ಮುಟ್ಟು ಬಾರದಿರುವುದು ಇದರಿಂದಲೇ. ಬಾಣಂತಿಯಲ್ಲದ ಹೆಣ್ಣಿನಲ್ಲೂ ಈ ಹಾರ್ಮೋನು ಏರಿದರೆ ದೇಹ ಹಾಗೆಯೇ ನಡೆದುಕೊಳ್ಳುತ್ತದೆ. ಅಂಡಾಶಯ ಆರೋಗ್ಯವಾಗಿಯೇ ಇರುತ್ತದೆ, ಆದರೆ ಅದಕ್ಕೆ ಕರೆ ಹೋಗುವುದಿಲ್ಲ. ಕೆಲವರಿಗೆ ಮೊಲೆತೊಟ್ಟಿನಿಂದ ಹಾಲಿನಂಥ ದ್ರವ ಬರುವುದುಂಟು. ಎಲ್ಲರಿಗೂ ಬರುತ್ತದೆ ಎಂದೇನಿಲ್ಲ.

ಅಂಡಾಶಯದ ಅಕಾಲಿಕ ವೈಫಲ್ಯದಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ಅಂಡಾಣುಗಳ ಸಂಗ್ರಹ ಬರಿದಾಗುತ್ತಾ ಬಂದು ಅಂಡಾಶಯ ಓಗೊಡುವುದಿಲ್ಲ. ಉತ್ತರ ಬಾರದ ಕಾರಣ ಪಿಟ್ಯುಟರಿ ಮತ್ತಷ್ಟು ಜೋರಾಗಿ ಕೂಗುತ್ತದೆ. ಅಂದರೆ ಎಫ್‌ಎಸ್‌ಎಚ್ ಮಟ್ಟ ಏರುತ್ತಲೇ ಹೋಗುತ್ತದೆ. ಈಸ್ಟ್ರೊಜೆನ್ ಕಡಿಮೆಯಾಗುವುದರಿಂದ ಮೈ ಬಿಸಿಯೇರುವುದು, ರಾತ್ರಿ ಬೆವರುವುದು, ನಿದ್ದೆ ಕೆಡುವುದು, ಯೋನಿ ಒಣಗುವುದು ಮೂವತ್ತರ ವಯಸ್ಸಿನಲ್ಲೇ ಶುರುವಾಗಬಹುದು.

ಒಂದೇ ದೂರು, ಎರಡು ವರದಿ

ಒಂದು ಉದಾಹರಣೆಯಿಂದ ಇದನ್ನು ಅರ್ಥ ಮಾಡಿಕೊಳ್ಳೋಣ. ಪುಣೆಯಲ್ಲಿ ಕೆಲಸ ಮಾಡುವ 31 ವರ್ಷದ ಮಹಿಳೆ ಮತ್ತು ಅದೇ ವಯಸ್ಸಿನ ಅವರ ಗೆಳತಿ ಎಂದುಕೊಳ್ಳಿ. ಇಬ್ಬರಿಗೂ ಮದುವೆಯಾಗಿ ನಾಲ್ಕು ವರ್ಷ. ಐದು ತಿಂಗಳಿಂದ ತಾನಾಗಿ ಮುಟ್ಟಾಗಿಲ್ಲ. ಇಬ್ಬರೂ ಎರಡು ಬಾರಿ ಪಿರಿಯಡ್ಸ್ ಮಾತ್ರೆ ನುಂಗಿದ್ದಾರೆ. ಗರ್ಭಿಣಿಯಲ್ಲ ಎಂದು ಖಚಿತಪಡಿಸಿಕೊಂಡ ವೈದ್ಯರು ಪ್ರೊಲ್ಯಾಕ್ಟಿನ್, ಟಿಎಸ್‌ಎಚ್, ಎಫ್‌ಎಸ್‌ಎಚ್ ಮತ್ತು ಎಸ್ಟ್ರಡಯಾಲ್ (ಮುಖ್ಯ ಈಸ್ಟ್ರೊಜೆನ್) ಪರೀಕ್ಷೆ ಬರೆದುಕೊಡುತ್ತಾರೆ.

ಮೊದಲನೆಯವರ ವರದಿಯಲ್ಲಿ ಪ್ರೊಲ್ಯಾಕ್ಟಿನ್ 88. ಗರ್ಭಿಣಿಯಲ್ಲದ ಮಹಿಳೆಯರಲ್ಲಿ ಇದು ಒಂದು ಮಿಲಿಲೀಟರ್ ರಕ್ತಕ್ಕೆ ಸುಮಾರು 25 ನ್ಯಾನೊಗ್ರಾಂ ಒಳಗಿರಬೇಕು. ಅವರ ಎಫ್‌ಎಸ್‌ಎಚ್ 4, ಎಸ್ಟ್ರಡಯಾಲ್ ಕಡಿಮೆ, ಥೈರಾಯ್ಡ್ ಸರಿ ಇದೆ. ಅಂದರೆ ಕರೆಯೇ ಹೋಗುತ್ತಿಲ್ಲ.

ಗೆಳತಿಯ ವರದಿಯಲ್ಲಿ ಪ್ರೊಲ್ಯಾಕ್ಟಿನ್ 11, ಥೈರಾಯ್ಡ್ ಸರಿ. ಆದರೆ ಎಫ್‌ಎಸ್‌ಎಚ್ 62, ಎಸ್ಟ್ರಡಯಾಲ್ ತೀರಾ ಕಡಿಮೆ. ಐದು ವಾರದ ನಂತರ ಮತ್ತೆ ನೋಡಿದಾಗ ಎಫ್‌ಎಸ್‌ಎಚ್ 71. ನಾಲ್ಕು ತಿಂಗಳಿಂದ ಮುಟ್ಟು ನಿಂತಿರುವ ಅಥವಾ ಏರುಪೇರಾಗಿರುವ, 40ರ ಒಳಗಿನ ಮಹಿಳೆಯಲ್ಲಿ ಎಫ್‌ಎಸ್‌ಎಚ್ 25ಕ್ಕಿಂತ ಹೆಚ್ಚಿದ್ದರೆ ವೈದ್ಯರು ಅಂಡಾಶಯದ ಅಕಾಲಿಕ ವೈಫಲ್ಯ ಎಂದು ಗುರುತಿಸುತ್ತಾರೆ. ಈ ಮಟ್ಟ ತಿಂಗಳಿಂದ ತಿಂಗಳಿಗೆ ಏರಿಳಿಯುವುದರಿಂದ ಅನುಮಾನವಿದ್ದರೆ ನಾಲ್ಕರಿಂದ ಆರು ವಾರ ಬಿಟ್ಟು ಮತ್ತೊಮ್ಮೆ ಪರೀಕ್ಷಿಸುತ್ತಾರೆ.

ಗ್ಯಾಸ್ ಮಾತ್ರೆಯೂ ಕಾರಣವಾಗಬಹುದು

ಪ್ರೊಲ್ಯಾಕ್ಟಿನ್ 88 ಎಂದ ಕೂಡಲೇ ತಲೆಯ ಎಂಆರ್‌ಐ ಮಾಡಿಸಲು ಓಡಬೇಕಿಲ್ಲ. ವೈದ್ಯರು ಮೊದಲು ಕೇಳುವುದು, ಯಾವ ಮಾತ್ರೆ ನುಂಗುತ್ತಿದ್ದೀರಿ ಎಂದು. ನಮ್ಮ ಉದಾಹರಣೆಯ ಮಹಿಳೆ ಏಳು ತಿಂಗಳಿಂದ ದಿನವೂ ಬೆಳಗ್ಗೆ ಅಸಿಡಿಟಿ ಕ್ಯಾಪ್ಸೂಲ್ ನುಂಗುತ್ತಿದ್ದಾರೆ. ಅದರ ಸ್ಟ್ರಿಪ್ ಮೇಲೆ ಎರಡು ಔಷಧಗಳ ಹೆಸರಿದೆ: ಪ್ಯಾಂಟೊಪ್ರಜೋಲ್ ಮತ್ತು ಡೊಂಪೆರಿಡೋನ್.

ಇಲ್ಲಿ ಗಮನಿಸಬೇಕಾದದ್ದು ಡೊಂಪೆರಿಡೋನ್. ಮೆದುಳಿನಿಂದ ಬರುವ ಡೋಪಮಿನ್ ಎಂಬ ರಾಸಾಯನಿಕ ಪ್ರೊಲ್ಯಾಕ್ಟಿನ್‌ಗೆ ಸದಾ ಕಡಿವಾಣ ಹಾಕಿರುತ್ತದೆ. ಡೊಂಪೆರಿಡೋನ್ ಆ ಕಡಿವಾಣವನ್ನು ಸಡಿಲಿಸುತ್ತದೆ. ಅಸಿಡಿಟಿ ಮತ್ತು ವಾಂತಿಗೆ ಕೊಡುವ ಲೆವೊಸಲ್ಪಿರೈಡ್, ಮೆಟೊಕ್ಲೊಪ್ರಮೈಡ್ ಕೂಡ ಇದೇ ಗುಂಪಿನವು. ಎರಡು ಮೂರು ದಿನ ನುಂಗಿ ಬಿಟ್ಟರೆ ಮುಟ್ಟಿನ ಮೇಲೆ ಪರಿಣಾಮ ಆಗುವುದು ಕಡಿಮೆ. ಅಂಗಡಿಯಿಂದ ತಾವಾಗಿಯೇ ತಂದು ತಿಂಗಳುಗಟ್ಟಲೆ ನುಂಗಿದಾಗ ತೊಂದರೆ.

ವೈದ್ಯರ ಸಲಹೆಯಂತೆ ಅವರು ಡೊಂಪೆರಿಡೋನ್ ಇಲ್ಲದ ಮಾತ್ರೆಗೆ ಬದಲಾಗುತ್ತಾರೆ. ಹೀಗೆ ಔಷಧ ಬಿಟ್ಟು ಕನಿಷ್ಠ ಮೂರು ದಿನದ ನಂತರ ಮರುಪರೀಕ್ಷೆ ಮಾಡಬಹುದು. ಒಂದು ವಾರದ ನಂತರ ಅವರ ಪ್ರೊಲ್ಯಾಕ್ಟಿನ್ 16ಕ್ಕೆ ಇಳಿದಿದೆ. ಆರನೇ ವಾರ ತಾನಾಗಿ ಮುಟ್ಟಾಗುತ್ತದೆ. ಇಲ್ಲಿ ಬೇರೆ ಔಷಧವೇ ಬೇಕಾಗಲಿಲ್ಲ.

ಒಂದು ಎಚ್ಚರಿಕೆ: ರಿಸ್ಪೆರಿಡೋನ್‌ನಂಥ ಮಾನಸಿಕ ಕಾಯಿಲೆಯ ಔಷಧಗಳೂ ಪ್ರೊಲ್ಯಾಕ್ಟಿನ್ ಏರಿಸುತ್ತವೆ. ಅವನ್ನು ಮನೋವೈದ್ಯರನ್ನು ಕೇಳದೆ ಎಂದಿಗೂ ನಿಲ್ಲಿಸಬಾರದು.

ಔಷಧ ಕಾರಣವಲ್ಲದಿದ್ದರೆ ಥೈರಾಯ್ಡ್ ಕೊರತೆ ಇದೆಯೇ ಎಂದು ನೋಡುತ್ತಾರೆ. ಇದ್ದರೆ ಥೈರಾಯ್ಡ್ ಮಾತ್ರೆಯಿಂದಲೇ ಪ್ರೊಲ್ಯಾಕ್ಟಿನ್ ಕೂಡ ಇಳಿಯುತ್ತದೆ. 30 ಅಥವಾ 40ರಷ್ಟು ಅಲ್ಪ ಏರಿಕೆಯಾಗಿದ್ದರೆ ಮೊದಲು ಪರೀಕ್ಷೆಯನ್ನೇ ಇನ್ನೊಮ್ಮೆ ಮಾಡಿಸುವುದು ಒಳ್ಳೆಯದು. ಸೂಜಿಯ ಭಯ, ವ್ಯಾಯಾಮ, ಆಗತಾನೆ ನಿದ್ದೆಯಿಂದ ಎದ್ದಿರುವುದು, ಇವೆಲ್ಲ ಈ ಹಾರ್ಮೋನನ್ನು ಸ್ವಲ್ಪ ಹೊತ್ತು ಏರಿಸುತ್ತವೆ. ಎದ್ದು ಎರಡು ಮೂರು ಗಂಟೆಯ ನಂತರ, ಲ್ಯಾಬ್‌ನಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತು ರಕ್ತ ಕೊಡಬೇಕು.

ಇಷ್ಟಾದರೂ ಕಾರಣ ಸಿಗದಿದ್ದರೆ ಪಿಟ್ಯುಟರಿಯ ಎಂಆರ್‌ಐ. ಅಲ್ಲಿ ಪ್ರೊಲ್ಯಾಕ್ಟಿನೋಮಾ ಎಂಬ ಚಿಕ್ಕ ಗಡ್ಡೆ ಕಾಣಬಹುದು. ಗಡ್ಡೆ ಎಂದ ಕೂಡಲೇ ಹೆದರಬೇಕಿಲ್ಲ. ಇದು ಬಹುತೇಕ ಕ್ಯಾನ್ಸರ್ ಅಲ್ಲ, ಮಹಿಳೆಯರಲ್ಲಿ ಹೆಚ್ಚಾಗಿ 10 ಮಿಲಿಮೀಟರ್‌ಗಿಂತ ಚಿಕ್ಕದಿರುತ್ತದೆ. ವಾರಕ್ಕೆ ಒಂದೆರಡು ಸಲ ನುಂಗುವ ಕ್ಯಾಬರ್ಗೋಲಿನ್ ಮಾತ್ರೆಯಿಂದ ಬಹುತೇಕರಿಗೆ ಪ್ರೊಲ್ಯಾಕ್ಟಿನ್ ಇಳಿದು ಮುಟ್ಟು ಮರಳುತ್ತದೆ. ಆರಂಭದಲ್ಲಿ ವಾಕರಿಕೆ, ತಲೆಸುತ್ತು ಬರುವುದರಿಂದ ರಾತ್ರಿ ಊಟದ ಜೊತೆ ನುಂಗಲು ಹೇಳುತ್ತಾರೆ. ಅಂಡಾಣು ಬಿಡುಗಡೆಯಾಗುವುದು ಮುಟ್ಟಿಗಿಂತ ಮೊದಲು. ಹಾಗಾಗಿ ಚಿಕಿತ್ಸೆ ಶುರುವಾದ ಮೇಲೆ ಒಮ್ಮೆಯೂ ಮುಟ್ಟಾಗದೆ ಗರ್ಭ ನಿಲ್ಲಬಹುದು. ಗರ್ಭ ನಿಂತದ್ದು ಗೊತ್ತಾದ ಕೂಡಲೇ ವೈದ್ಯರಿಗೆ ತಿಳಿಸಬೇಕು. ಚಿಕ್ಕ ಗಡ್ಡೆಯಾದರೆ ಸಾಮಾನ್ಯವಾಗಿ ಮಾತ್ರೆ ನಿಲ್ಲಿಸುತ್ತಾರೆ. ಆದರೆ ಬಿಡದ ತಲೆನೋವು, ಪಕ್ಕದ ದೃಷ್ಟಿ ಮಸುಕಾಗುವುದು ಕಂಡರೆ ತಡ ಮಾಡಬಾರದು. ದೊಡ್ಡ ಗಡ್ಡೆ ಕಣ್ಣಿನ ನರವನ್ನು ಒತ್ತುತ್ತಿರಬಹುದು.

ಎಫ್‌ಎಸ್‌ಎಚ್ ಏರಿದ್ದರೆ

ಗೆಳತಿಯ ದಾರಿ ಇಷ್ಟು ಸುಲಭವಲ್ಲ. ಬಹಳಷ್ಟು ಮಂದಿಯಲ್ಲಿ ಅಂಡಾಶಯ ಬೇಗ ಸೋತದ್ದೇಕೆ ಎಂದು ತಿಳಿಯುವುದೇ ಇಲ್ಲ. ಕೀಮೋಥೆರಪಿ, ಅಂಡಾಶಯದ ಗಂಟು ತೆಗೆದ ಶಸ್ತ್ರಚಿಕಿತ್ಸೆ, ದೇಹದ ರೋಗನಿರೋಧಕ ಶಕ್ತಿಯೇ ತಿರುಗಿಬೀಳುವುದು, ವರ್ಣತಂತುಗಳ ದೋಷ ಗೊತ್ತಿರುವ ಕೆಲವು ಕಾರಣಗಳು. ತಾಯಿಗೋ ಅಕ್ಕನಿಗೋ ಮುಟ್ಟು ಬೇಗ ನಿಂತಿದ್ದರೆ ಅದನ್ನು ವೈದ್ಯರಿಗೆ ಹೇಳಬೇಕು.

ಇಲ್ಲಿ ಮೊದಲ ಚಿಕಿತ್ಸೆ ಗರ್ಭಕ್ಕಾಗಿ ಅಲ್ಲ, ಮೂಳೆ ಮತ್ತು ಹೃದಯಕ್ಕಾಗಿ. ಇಪ್ಪತ್ತು ವರ್ಷ ಮೊದಲೇ ಈಸ್ಟ್ರೊಜೆನ್ ನಿಂತರೆ ಮೂಳೆ ಸವೆಯುತ್ತದೆ, ಹೃದಯದ ಕಾಯಿಲೆಯ ಅಪಾಯ ಹೆಚ್ಚುತ್ತದೆ. ಆದ್ದರಿಂದ ಬೇರೆ ಅಡ್ಡಿ ಇಲ್ಲದಿದ್ದರೆ ಸುಮಾರು 50 ವರ್ಷದವರೆಗೆ ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟರಾನ್ ಎರಡನ್ನೂ ಕೊಡುತ್ತಾರೆ. ಸ್ತನ ಕ್ಯಾನ್ಸರ್ ಆಗಿದ್ದವರಿಗೆ ಇದು ಸಾಮಾನ್ಯವಾಗಿ ಸಲ್ಲದು. ಹಾರ್ಮೋನು ಎಂದರೆ ಭಯಪಟ್ಟು ಬಿಡುವವರಿದ್ದಾರೆ. ಆದರೆ ಈ ವಯಸ್ಸಿನಲ್ಲಿ ಅದು ದೇಹದಲ್ಲಿ ಇರಬೇಕಾದದ್ದನ್ನೇ ತುಂಬಿಕೊಡುವುದು.

ಮಗುವಿನ ವಿಷಯದಲ್ಲಿ ನೇರವಾಗಿ ಹೇಳಬೇಕೆಂದರೆ, ಮುಗಿದ ಅಂಡಾಣುಗಳನ್ನು ಮತ್ತೆ ಹುಟ್ಟಿಸುವ ಔಷಧವಿಲ್ಲ. ಅಂಡಾಶಯಕ್ಕೆ ಪಿಆರ್‌ಪಿ ಚುಚ್ಚುಮದ್ದು ಕೊಟ್ಟು ಅದನ್ನು 'ಪುನಶ್ಚೇತನ'ಗೊಳಿಸುತ್ತೇವೆ ಎಂಬ ಜಾಹೀರಾತುಗಳು ಕಾಣುತ್ತವೆ, ಅದರ ಫಲ ಇನ್ನೂ ಸಾಬೀತಾಗಿಲ್ಲ. ಆದರೂ ಅಂಡಾಶಯ ಒಮ್ಮೊಮ್ಮೆ ಎಚ್ಚರಗೊಳ್ಳುವುದುಂಟು. ನೂರರಲ್ಲಿ ಸುಮಾರು ಐವರು ತಾವಾಗಿಯೇ ಗರ್ಭ ಧರಿಸುತ್ತಾರೆ. ಉಳಿದವರಿಗೆ ಹೆಚ್ಚು ಯಶಸ್ಸು ಕಂಡಿರುವ ದಾರಿ ದಾನಿಯ ಅಂಡಾಣುವಿನಿಂದ ಐವಿಎಫ್. ಗರ್ಭಕೋಶ ಚೆನ್ನಾಗಿದ್ದರೆ ಮಗುವನ್ನು ಹೊತ್ತು ಹೆರುವುದು ಆ ಮಹಿಳೆಯೇ. ಭಾರತದಲ್ಲಿ ಇದಕ್ಕೆ 2021ರ ಕಾಯ್ದೆ ಇದೆ. ದಾನಿಯ ವಯಸ್ಸು 23ರಿಂದ 35ರೊಳಗಿರಬೇಕು, ಆಕೆ ಜೀವನದಲ್ಲಿ ಒಮ್ಮೆ ಮಾತ್ರ ದಾನ ಮಾಡಬಹುದು.

ಇನ್ನೊಂದು ಗೊಂದಲ ಎಎಂಎಚ್ ಪರೀಕ್ಷೆಯದು. ಎಎಂಎಚ್ ಕಡಿಮೆ ಎಂಬ ಒಂದೇ ಕಾರಣಕ್ಕೆ ಅಂಡಾಶಯ ಸೋತಿದೆ ಎನ್ನಲಾಗದು. ತಿಂಗಳು ತಿಂಗಳು ಮುಟ್ಟಾಗುತ್ತಿದ್ದು, ಎಫ್‌ಎಸ್‌ಎಚ್ ಸರಿಯಿದ್ದರೆ ಅಂಡಾಣು ಕಡಿಮೆ ಇವೆ ಎಂದಷ್ಟೇ ಅದರ ಅರ್ಥ.

ವೈದ್ಯರ ಬಳಿ ಹೋಗುವ ಮುನ್ನ

ಮುಟ್ಟು ಮೂರು ತಿಂಗಳು ನಿಂತಿದ್ದರೆ ಇನ್ನೊಂದು ಸುತ್ತು ಪಿರಿಯಡ್ಸ್ ಮಾತ್ರೆಗೆ ಮೊದಲು ಈ ರಕ್ತಪರೀಕ್ಷೆಗಳ ಬಗ್ಗೆ ಕೇಳಿ. ಗರ್ಭನಿರೋಧಕ ಅಥವಾ ಬೇರೆ ಹಾರ್ಮೋನು ಮಾತ್ರೆ ನುಂಗುತ್ತಿರುವಾಗ ಎಫ್‌ಎಸ್‌ಎಚ್ ಕೃತಕವಾಗಿ ಕಡಿಮೆ ತೋರಿಸಬಹುದು, ಅದನ್ನು ತಪ್ಪದೆ ತಿಳಿಸಿ. ಗ್ಯಾಸ್, ವಾಂತಿ, ನಿದ್ದೆ, ಮನಸ್ಸಿನ ಕಾಯಿಲೆ, ಯಾವುದಕ್ಕೇ ಆಗಲಿ ನುಂಗುತ್ತಿರುವ ಮಾತ್ರೆಗಳ ಸ್ಟ್ರಿಪ್‌ಗಳನ್ನು ಚೀಲದಲ್ಲಿ ಹಾಕಿಕೊಂಡೇ ಹೋಗಿ. ನಮ್ಮ ಉದಾಹರಣೆಯ ಮಹಿಳೆಗೆ ಉತ್ತರ ಸಿಕ್ಕಿದ್ದು ಸ್ಕ್ಯಾನಿಂಗ್‌ನಲ್ಲಲ್ಲ, ಒಂದು ಸ್ಟ್ರಿಪ್‌ನ ಹಿಂಭಾಗದಲ್ಲಿ.